‘ಪಾವತಿಸಲಾಗಿದೆ’ ಎಂದರೆ ಪಾವತಿಸಿದವರು ಯಾರು?

ಪ್ರಶ್ನೆ: ಮಾನ್ಯರೇ, ನಾನು ಒಂದು ಸಂಸ್ಥೆಯ ಆಡಳಿತ ಶಾಖೆಯಲ್ಲಿ ವರದಿ, ಟಿಪ್ಪಣಿಗಳನ್ನು ಬರೆಯುತ್ತೇನೆ. ‘ಲಾಗಿದೆ, ಲಾಗುವುದು ಬಿಟ್ಟು ನೇರವಾಗಿ ಬರೆಯಿರಿ’ ಎಂದು ನಮಗೆ ಸೂಚನೆ ಬಂದಿದೆ. ಹಳೆಯ ವರದಿಯ ಒಂದು ಭಾಗ ಹೀಗಿತ್ತು: ‘ಸದರಿ ಯಂತ್ರಗಳ ಸರಬರಾಜಿನಲ್ಲಿ ವಿಳಂಬ ಉಂಟಾಗಿದ್ದು, ಬಿಲ್ಲನ್ನು ಪರಿಶೀಲಿಸಿ, ದಂಡವನ್ನು ಕಡಿತಗೊಳಿಸದೆ, ಪಾವತಿಗೆ ಶಿಫಾರಸು ಮಾಡಿ, ಪೂರ್ಣ ಮೊತ್ತವನ್ನು ಪಾವತಿಸಲಾಗಿರುತ್ತದೆ. ಈ ಬಗ್ಗೆ ಲೋಪ ಕಂಡುಬಂದಿದ್ದು, ವಿವರಣೆ ಪಡೆದು ಮುಂದಿನ ಕ್ರಮ ಕೈಗೊಳ್ಳಲಾಗುವುದು.’ ನಾನು ಮೊದಲ ವಾಕ್ಯವನ್ನು ‘ಲೆಕ್ಕಪತ್ರ ಶಾಖೆಯವರು ಬಿಲ್ಲನ್ನು ಪರಿಶೀಲಿಸಿ, ದಂಡವನ್ನು ಕಡಿತಗೊಳಿಸದೆ, ಪಾವತಿಗೆ ಶಿಫಾರಸು ಮಾಡಿ, ಪೂರ್ಣ ಮೊತ್ತವನ್ನು ಪಾವತಿಸಿದ್ದಾರೆ’ ಎಂದು ತಿದ್ದಿದೆ. ಎಲ್ಲವನ್ನೂ ನಮ್ಮ ತಲೆಗೆ ಕಟ್ಟಿದ್ದೀರಿ ಎಂದು ಆ ಶಾಖೆಯ ಲೆಕ್ಕಾಧಿಕಾರಿ ಸಿಟ್ಟಾದರು. ಹಳೆಯ ವಾಕ್ಯವೇ ಇರಲಿ ಎಂದು ನನ್ನ ಮೇಲಧಿಕಾರಿ ಹೇಳುತ್ತಿದ್ದಾರೆ. ನೇರವಾಗಿ ಬರೆದೂ ಯಾರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಹೇಗೆ? ಕಡತದ ಟಿಪ್ಪಣಿಗಳ ಸಾರವನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಲೆಕ್ಕಾಧಿಕಾರಿಯ ಸಿಟ್ಟು ನ್ಯಾಯವಾದದ್ದು. ಆದರೆ ಅದಕ್ಕೆ ಪರಿಹಾರ ಹಳೆಯ ವಾಕ್ಯವಲ್ಲ. ಹಳೆಯ ವಾಕ್ಯ ಯಾರನ್ನೂ ಹೆಸರಿಸಲಿಲ್ಲ, ಹೊಸ ವಾಕ್ಯ ಎಲ್ಲ ಕೆಲಸಗಳಿಗೂ ಒಬ್ಬರನ್ನೇ ಹೆಸರಿಸಿತು. ಈ ಎರಡು ತಪ್ಪುಗಳು ಹುಟ್ಟಿದ್ದು ಒಂದೇ ಜಾಗದಲ್ಲಿ. ‘ಪರಿಶೀಲಿಸಿ, ಕಡಿತಗೊಳಿಸದೆ, ಶಿಫಾರಸು ಮಾಡಿ’ ಎಂದು ಕೊಂಡಿ ಹಾಕಿಕೊಂಡು ಹೋಗುವ ಕ್ರಿಯೆಗಳ ಸರಪಣಿಯೇ ಆ ಜಾಗ. ನಿಮ್ಮ ಗಮನವೆಲ್ಲ ವಾಕ್ಯದ ಕೊನೆಯ ‘ಲಾಗಿರುತ್ತದೆ’ಯ ಮೇಲೆ ಇತ್ತು. ಕೆಲಸ ಕೆಟ್ಟದ್ದು ನಡುವಿನಲ್ಲಿ.

ಕನ್ನಡದ ಕ್ರಿಯಾಪದ ತನ್ನ ಕೊನೆಯಲ್ಲೇ ಕರ್ತೃವಿನ ಗುರುತನ್ನು ಹೊತ್ತಿರುತ್ತದೆ. ‘ಕಳುಹಿಸಿದೆನು’ ಎಂದರೆ ನಾನು, ‘ಕಳುಹಿಸಿದೆವು’ ಎಂದರೆ ನಾವು, ‘ಕಳುಹಿಸಿದಳು’ ಎಂದರೆ ಒಬ್ಬ ಹೆಂಗಸು. ಕರ್ತೃಪದವನ್ನು ಬಿಟ್ಟರೂ ಅಷ್ಟು ಸುಳಿವು ಉಳಿಯುತ್ತದೆ. ‘ಕಳುಹಿಸಲಾಗಿದೆ’ ಎಂಬ ರೂಪದಲ್ಲಿ ಆ ಸುಳಿವೂ ಇಲ್ಲ. ಒಬ್ಬರು ಕಳುಹಿಸಿರಲಿ, ಹತ್ತು ಜನ ಕಳುಹಿಸಿರಲಿ, ಬರೆಯುತ್ತಿರುವವರೇ ಕಳುಹಿಸಿರಲಿ, ರೂಪ ಬದಲಾಗುವುದಿಲ್ಲ. ಶಾಲೆಯ ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗಕ್ಕೆ ಕೊಡುವ ‘ರಾಮನಿಂದ ಪತ್ರವು ಬರೆಯಲ್ಪಟ್ಟಿತು’ ಎಂಬ ಉದಾಹರಣೆಯಲ್ಲಿ ಕರ್ಮ ಮುಂದೆ ಬಂದು ಪ್ರಥಮಾ ವಿಭಕ್ತಿಯಲ್ಲಿ ನಿಲ್ಲುತ್ತದೆ, ಕರ್ತೃವಿಗೂ ‘ಇಂದ’ ಹಚ್ಚಿದ ಒಂದು ಮೂಲೆ ಸಿಗುತ್ತದೆ. ಕಚೇರಿಯ ‘ಮೊತ್ತವನ್ನು ಪಾವತಿಸಲಾಗಿದೆ’ಯಲ್ಲಿ ಮೊತ್ತ ‘ಅನ್ನು’ ಹಚ್ಚಿಕೊಂಡು ಕರ್ಮವಾಗಿಯೇ ಉಳಿದಿದೆ. ಕರ್ತೃವಿನ ಜಾಗ ಪೂರ್ತಿ ಖಾಲಿ, ಖಾಲಿ ಇದೆ ಎಂಬುದು ಓದುಗನಿಗೆ ತಟ್ಟುವುದೂ ಇಲ್ಲ. ನಿಮ್ಮ ವರದಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಪಾವತಿಸಲಾಗಿರುತ್ತದೆ’ ಎಂದಿದೆ. ಮುಗಿದುಹೋದ ಒಂದು ಪಾವತಿಗೆ ‘ಇರುತ್ತದೆ’ ಏಕೆ ಬೇಕು? ವಾಡಿಕೆಯಾಗಿ ನಡೆಯುವುದನ್ನೋ, ನಡೆದಿರಬಹುದು ಎಂಬ ಊಹೆಯನ್ನೋ ಹೇಳುವ ರೂಪ ಅದು. ಇಲ್ಲಿ ಅದು ಕಾಲವನ್ನೂ ಮಸುಕು ಮಾಡಿದೆ.

ಈಗ ಸರಪಣಿಗೆ ಬರೋಣ. ‘ಪರಿಶೀಲಿಸಿ’, ‘ಶಿಫಾರಸು ಮಾಡಿ’ ಮುಂತಾದ ಅಪೂರ್ಣ ಕ್ರಿಯಾಪದಗಳಿಗೆ ಸ್ವಂತ ಕರ್ತೃವಿನ ಗುರುತು ಇರುವುದಿಲ್ಲ. ಅವು ವಾಕ್ಯದ ಕೊನೆಯ ಕ್ರಿಯಾಪದದ ಕಡೆಗೆ ನೋಡುತ್ತವೆ. ಅದರ ಕರ್ತೃ ಯಾರೋ ಅವರನ್ನೇ ತಮ್ಮ ಕರ್ತೃ ಮಾಡಿಕೊಳ್ಳುತ್ತವೆ. ‘ಅವಳು ಪತ್ರ ಓದಿ, ಮಡಚಿ, ಎತ್ತಿಟ್ಟಳು’ ಎಂದರೆ ಓದಿದ್ದೂ ಮಡಚಿದ್ದೂ ಎತ್ತಿಟ್ಟದ್ದೂ ಅವಳೇ. ‘ಮಳೆ ಬಂದು ಕೆರೆ ತುಂಬಿತು’ ಎಂಬಂತೆ ಎರಡು ಕಡೆಯೂ ಬೇರೆ ಬೇರೆ ಕರ್ತೃ ಇರುವ ವಾಕ್ಯಗಳೂ ನಮ್ಮಲ್ಲಿವೆ. ಆದರೆ ಅಲ್ಲಿ ಎರಡು ಕರ್ತೃಗಳನ್ನೂ ಬಾಯಿಬಿಟ್ಟು ಹೇಳಿರುತ್ತೇವೆ, ಒಂದು ಇನ್ನೊಂದಕ್ಕೆ ಸಹಜ ಕಾರಣವಾಗಿರುತ್ತದೆ. ಒಬ್ಬನೇ ಕರ್ತೃವನ್ನು ಹೆಸರಿಸಿ ನಾಲ್ಕು ಕ್ರಿಯೆಗಳನ್ನು ಪೋಣಿಸಿದರೆ ಕನ್ನಡದ ಓದುಗ ನಾಲ್ಕನ್ನೂ ಆ ಒಬ್ಬನ ಮೇಲೆಯೇ ಹೇರುತ್ತಾನೆ. ಭಾಷೆ ಅವನಿಗೆ ಬೇರೆ ದಾರಿ ಬಿಡುವುದಿಲ್ಲ.

ಕರ್ತೃವಿಲ್ಲದ ‘ಲಾಗಿದೆ’ ವಾಕ್ಯದಲ್ಲಿ ಈ ನಿಯಮಕ್ಕೆ ಕೆಲಸವೇ ಇರುವುದಿಲ್ಲ. ಕೊನೆಯ ಕ್ರಿಯಾಪದಕ್ಕೇ ಕರ್ತೃವಿಲ್ಲದ ಮೇಲೆ ಹಿಂದಿನ ಕ್ರಿಯೆಗಳು ಯಾರನ್ನು ನೋಡಬೇಕು? ಹಾಗಾಗಿ ಬೇರೆ ಬೇರೆ ಶಾಖೆಗಳ ಬೇರೆ ಬೇರೆ ಜನ ಬೇರೆ ಬೇರೆ ದಿನ ಮಾಡಿದ ಕೆಲಸಗಳು ಒಂದೇ ವಾಕ್ಯದಲ್ಲಿ ತಂಟೆಯಿಲ್ಲದೆ ಕೂರುತ್ತವೆ. ಕಚೇರಿಯ ಬರಹದಲ್ಲಿ ಈ ರೂಪ ಇಷ್ಟು ಹಬ್ಬಿರುವುದಕ್ಕೆ ಹೊಣೆ ತಪ್ಪಿಸುವ ಆಸೆಯೊಂದೇ ಕಾರಣವಲ್ಲ ಎಂದು ನಾನು ತಿಳಿದಿದ್ದೇನೆ. ಹಲವರು ಸೇರಿ ಮಾಡಿದ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳಲು ಅದು ಅನುಕೂಲ. ಆದರೆ ನೀವು ಕೊನೆಯ ಕ್ರಿಯಾಪದಕ್ಕೆ ಕರ್ತೃವನ್ನು ಕೊಟ್ಟ ಕ್ಷಣವೇ ಸುಮ್ಮನಿದ್ದ ನಿಯಮ ಎಚ್ಚರಗೊಳ್ಳುತ್ತದೆ. ಹಣ ಪಾವತಿಸಿದ್ದು ಲೆಕ್ಕಪತ್ರ ಶಾಖೆ ಎಂಬುದು ನಿಜ. ನೀವು ಬರೆದ ಆ ಒಂದು ನಿಜ ಹಿಂದಕ್ಕೆ ಹರಿದು, ಪರಿಶೀಲಿಸಿದ್ದೂ ಅವರೇ, ದಂಡ ಬಿಟ್ಟದ್ದೂ ಅವರೇ, ಶಿಫಾರಸು ಮಾಡಿದ್ದೂ ಅವರೇ ಎಂಬ ಮೂರು ಸುಳ್ಳುಗಳನ್ನು ಹುಟ್ಟಿಸಿತು. ನೀವು ಬೇಕೆಂದು ಬರೆದದ್ದಲ್ಲ, ಆದರೂ ವಾಕ್ಯ ಹೇಳುವುದು ಅದನ್ನೇ.

ಆದ್ದರಿಂದ ಇಂತಹ ವಾಕ್ಯವನ್ನು ತಿದ್ದಲು ಕೂತಾಗ ಕೊನೆಯಿಂದ ಶುರು ಮಾಡಬೇಡಿ. ಮೊದಲು ಸರಪಣಿಯನ್ನು ಬಿಚ್ಚಿ. ವಾಕ್ಯದಲ್ಲಿರುವ ಪ್ರತಿ ಕೆಲಸವನ್ನೂ ಬೇರೆ ಕಾಗದದಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ. ಕ್ರಿಯಾಪದದ ವೇಷದಲ್ಲಿರುವವು ಮಾತ್ರ ಸಾಲವು, ನಾಮಪದದ ವೇಷದಲ್ಲಿರುವವೂ ಬೇಕು. ನಿಮ್ಮ ಭಾಗದಲ್ಲಿ ‘ಸರಬರಾಜು’ ಒಂದು ಕೆಲಸ, ‘ವಿಳಂಬ’ ಯಾರೋ ಮಾಡಿದ್ದು, ‘ಲೋಪ’ ಯಾರೋ ಎಸಗಿದ್ದು, ‘ವಿವರಣೆ’ ಯಾರೋ ಯಾರಿಗೋ ಕೊಡಬೇಕಾದದ್ದು, ‘ಕ್ರಮ’ ಯಾರೋ ಯಾರ ಮೇಲೋ ಕೈಗೊಳ್ಳಬೇಕಾದದ್ದು. ಕ್ರಿಯೆಯನ್ನು ನಾಮಪದವಾಗಿಸಿದಾಗ ಕರ್ತೃವಿನ ಜೊತೆಗೆ ಕಾಲವೂ ಉದುರಿಹೋಗುತ್ತದೆ. ‘ಪರಿಶೀಲನೆಯ ನಂತರ ಪಾವತಿ’ ಎಂದರೆ ಪರಿಶೀಲನೆ ಆಗಿದೆಯೋ, ಆಗುತ್ತಿದೆಯೋ, ಆಗಬೇಕಿದೆಯೋ? ನಾಮಪದ ಅದನ್ನು ಹೇಳುವುದಿಲ್ಲ. ‘ಪರಿಶೀಲನೆ ನಡೆಸು’, ‘ಅನುಮೋದನೆ ನೀಡು’, ‘ಕಡಿತಗೊಳಿಸುವಿಕೆ ಪ್ರಕ್ರಿಯೆ ಕೈಗೊಳ್ಳು’ ಇವುಗಳನ್ನು ‘ಪರಿಶೀಲಿಸು’, ‘ಒಪ್ಪು’, ‘ಕಡಿ’ ಎಂದು ಬಿಡಿಸಿ ಬರೆಯುವ ಅಭ್ಯಾಸ ಒಳ್ಳೆಯದೇ. ಅದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಎರಡು ವಾರ ಎಚ್ಚರದಿಂದಿದ್ದರೆ ಕೈಗೆ ಬರುತ್ತದೆ. ‘ಅನುಮೋದಿತ ಬಿಲ್ಲು’, ‘ಪರಿಷ್ಕೃತ ಪಟ್ಟಿ’ ಎಂಬ ವಿಶೇಷಣಗಳ ಮೇಲೂ ಕಣ್ಣಿಡಿ. ಅನುಮೋದಿಸಿದವರನ್ನು ಅವು ಒಂದೇ ಪದದಲ್ಲಿ ನುಂಗಿರುತ್ತವೆ.

ಪಟ್ಟಿ ಆದ ಮೇಲೆ ಪ್ರತಿಯೊಂದರ ಮುಂದೆ ಕರ್ತೃವನ್ನು ಬರೆಯಿರಿ. ಇಲ್ಲಿ ವ್ಯಾಕರಣದ ಕೆಲಸ ಮುಗಿದು ಕಡತದ ಕೆಲಸ ಶುರುವಾಗುತ್ತದೆ. ‘ಲಾಗಿದೆ’ ವಾಕ್ಯದಿಂದ ನೇರ ವಾಕ್ಯಕ್ಕೆ ಹೋಗಲು ಬೇಕಾದ ಮಾಹಿತಿ ಆ ವಾಕ್ಯದಲ್ಲಿ ಇರುವುದೇ ಇಲ್ಲ. ಅದನ್ನು ಹೊರಗಿನಿಂದ ತರಬೇಕು: ಟಿಪ್ಪಣಿಯ ಕೆಳಗಿನ ಸಹಿ, ಸಹಿಯ ಪಕ್ಕದ ದಿನಾಂಕ, ದಾಸ್ತಾನು ವಹಿ, ಟಪಾಲು ವಹಿ, ಒಪ್ಪಂದದ ಷರತ್ತು. ಮೇಜಿನ ಮುಂದೆ ಕೂತು ‘ಇವರೇ ಇರಬೇಕು’ ಎಂದು ಕರ್ತೃವನ್ನು ತುಂಬಿದರೆ ಅದು ತಿದ್ದುಪಡಿಯಲ್ಲ, ಆರೋಪ. ಬಹಳ ಮಂದಿ ಎಡವುವುದು ಇಲ್ಲಿಯೇ. ವಾಕ್ಯದಲ್ಲಿ ಯಾವುದಾದರೂ ಶಾಖೆಯ ಹೆಸರು ‘ಮೂಲಕ’, ‘ಮುಖಾಂತರ’, ‘ವತಿಯಿಂದ’ ಎಂಬ ಪದಗಳ ಜೊತೆ ಕಂಡರೆ ಅದನ್ನೇ ಎತ್ತಿ ಕರ್ತೃವಿನ ಜಾಗದಲ್ಲಿ ಕೂರಿಸುತ್ತಾರೆ. ‘ಲೆಕ್ಕಪತ್ರ ಶಾಖೆಯ ಮೂಲಕ ಮಂಜೂರು ಮಾಡಲಾಗಿದೆ’ ಎಂಬುದರಲ್ಲಿ ಆ ಶಾಖೆ ಮಂಜೂರು ಮಾಡಿತೋ, ಬೇರೆಯವರು ಮಂಜೂರು ಮಾಡಿದ ಕಾಗದ ಆ ಶಾಖೆಯನ್ನು ಹಾದುಹೋಯಿತೋ, ವಾಕ್ಯ ನೋಡಿ ಹೇಳಲು ಸಾಧ್ಯವಿಲ್ಲ.

ನೀವು ಕಳುಹಿಸಿದ ಸಾರದ ಪ್ರಕಾರ ಕರ್ತೃಗಳು ಹೀಗೆ ಬರುತ್ತಾರೆ. ತಡ ಮಾಡಿದವರು ಸರಬರಾಜುದಾರರು, ಗಡುವಿಗಿಂತ 18 ದಿನ. ಯಂತ್ರಗಳು ತಲುಪಿದ ದಿನಾಂಕವನ್ನು ದಾಸ್ತಾನು ವಹಿಯಲ್ಲಿ ಬರೆದವರು ಉಗ್ರಾಣಪಾಲಕರು. ಬಿಲ್ಲನ್ನು ಪರಿಶೀಲಿಸಿದವರು ಖರೀದಿ ಶಾಖೆಯ ಸಹಾಯಕರು. ಪೂರ್ಣ ಮೊತ್ತಕ್ಕೆ ಶಿಫಾರಸು ಮಾಡಿದವರು ಅದೇ ಶಾಖೆಯ ಮುಖ್ಯಸ್ಥರು. ಹಣ ಪಾವತಿಸಿದವರು ಲೆಕ್ಕಾಧಿಕಾರಿ. ಇದನ್ನು ಪತ್ತೆ ಹಚ್ಚಿದವರು ಆಂತರಿಕ ಲೆಕ್ಕಪರಿಶೋಧಕರು. ಖರೀದಿ ಶಾಖೆಯ ಇಬ್ಬರಿಂದಲೂ ವಿವರಣೆ ಕೇಳಿರುವವರು ಆಡಳಿತಾಧಿಕಾರಿ. ಆರಕ್ಕಿಂತ ಹೆಚ್ಚು ಜನ ಭಾಗವಹಿಸಿದ ಒಂದು ಘಟನೆಯನ್ನು ಹಳೆಯ ವರದಿ ಒಬ್ಬ ಮನುಷ್ಯನನ್ನೂ ಕಾಣಿಸದೆ ಹೇಳಿ ಮುಗಿಸಿದೆ.

ಪಟ್ಟಿಯಲ್ಲಿ ಒಂದನ್ನು ಬೇಕೆಂದೇ ಬಿಟ್ಟಿದ್ದೇನೆ: ‘ದಂಡವನ್ನು ಕಡಿತಗೊಳಿಸದೆ’. ಈ ಪದವೇ ನಿಮ್ಮ ವರದಿಯ ಹೃದಯ, ಬರೆಯಲು ಅತಿ ಕಷ್ಟವಾದದ್ದೂ ಇದೇ. ಮಾಡಿದ ಕೆಲಸಕ್ಕೆ ಸಹಿ ಸಾಕ್ಷಿಯಾಗಿ ಸಿಗುತ್ತದೆ. ಮಾಡದೆ ಬಿಟ್ಟ ಕೆಲಸಕ್ಕೆ ಸಹಿ ಎಲ್ಲಿಂದ ಬರಬೇಕು? ಒಂದು ಅರ್ಥದಲ್ಲಿ ದಂಡವನ್ನು ಕಡಿಯದವರು ಎಲ್ಲರೂ: ಉಗ್ರಾಣಪಾಲಕರೂ ಕಡಿಯಲಿಲ್ಲ, ನೀವೂ ಕಡಿಯಲಿಲ್ಲ. ಮಾಡದಿರುವುದಕ್ಕೆ ಕರ್ತೃ ಸಿಗುವುದು, ಮಾಡಬೇಕಾಗಿದ್ದವರು ಯಾರು ಎಂಬುದನ್ನು ಮೊದಲು ಹೇಳಿದಾಗ ಮಾತ್ರ. ಹಾಗಾಗಿ ‘ಮಾಡಲಿಲ್ಲ’ ಎಂಬ ವಾಕ್ಯದ ಮುಂಚೆ ‘ಮಾಡುವುದು ಇವರ ಕೆಲಸ’ ಎಂಬ ವಾಕ್ಯ ಇರಲೇಬೇಕು, ಅದಕ್ಕೊಂದು ಆಧಾರವೂ ಬೇಕು. ಆ ಆಧಾರ ಒಪ್ಪಂದದ ಷರತ್ತಾಗಿರಬಹುದು, ಕೆಲಸ ಹಂಚಿಕೆಯ ಆದೇಶವಾಗಿರಬಹುದು. ನಿಮ್ಮ ಸಂಸ್ಥೆಯ ಕೆಲಸ ಹಂಚಿಕೆಯಲ್ಲಿ ತಡವಾದ ದಿನಗಳಿಗೆ ದಂಡ ಲೆಕ್ಕ ಹಾಕಿ ಬಿಲ್ಲಿನ ಮೇಲೆ ನಮೂದಿಸುವುದು ಖರೀದಿ ಶಾಖೆಯ ಪಾಲಿಗೆ ಬಂದಿದೆ. ನಮೂದಿಸಿದ ದಂಡವನ್ನು ಕಡಿದು ಉಳಿದದ್ದನ್ನು ಪಾವತಿಸುವುದು ಲೆಕ್ಕಪತ್ರ ಶಾಖೆಯ ಪಾಲಿಗೆ ಬಂದಿದೆ. ಅಂದಮೇಲೆ ‘ಕಡಿತಗೊಳಿಸದೆ’ ಎಂಬ ಒಂದೇ ಪದದೊಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ: ನಮೂದಿಸುವುದು, ಕಡಿಯುವುದು. ಬಿಟ್ಟುಹೋದದ್ದು ನಮೂದಿಸುವ ಕೆಲಸ. ನಮೂದಾಗದ ದಂಡವನ್ನು ಲೆಕ್ಕಾಧಿಕಾರಿ ಕಡಿಯಲಿಲ್ಲ ಎಂದು ಬರೆದರೆ ಅಕ್ಷರಶಃ ನಿಜ, ಆದರೂ ಅನ್ಯಾಯ.

ಸರಪಣಿಯಲ್ಲಿ ‘ಅದೆ’ ಎಂದು ಕೊನೆಯಾಗುವ ನಿಷೇಧರೂಪಗಳು ‘ನೋಡದೆ, ಕೇಳದೆ, ತಿಳಿಸದೆ, ಕಡಿಯದೆ’ ಎಂದು ಸಣ್ಣದಾಗಿ ನುಸುಳಿರುತ್ತವೆ. ಯಾವುದೇ ವರದಿಯನ್ನು ತಿದ್ದುವಾಗ ಮೊದಲು ಅವುಗಳ ಕೆಳಗೆ ಗೆರೆ ಎಳೆಯಿರಿ. ಲೋಪವನ್ನು ಹೇಳುವ ವರದಿಯಲ್ಲಿ ಲೋಪ ಕೂತಿರುವುದು ಸಾಮಾನ್ಯವಾಗಿ ಅಲ್ಲಿಯೇ, ಪೂರ್ಣ ಕ್ರಿಯಾಪದದಲ್ಲಿ ಅಲ್ಲ. ಅಂತಹ ಪ್ರತಿ ನಿಷೇಧವನ್ನೂ ಸರಪಣಿಯಿಂದ ಹೊರಗೆ ತೆಗೆದು, ಸ್ವಂತ ಕರ್ತೃವಿರುವ ಒಂದು ಪೂರ್ಣ ವಾಕ್ಯವಾಗಿಸಿ. ಇದೊಂದನ್ನು ಪಾಲಿಸಿದರೂ ನಿಮ್ಮ ವರದಿಗಳ ಅರ್ಧ ಜಗಳ ಕಡಿಮೆಯಾಗುತ್ತದೆ.

ಈಗ ಬರೆಯೋಣ.

‘ಸರಬರಾಜುದಾರರು ಯಂತ್ರಗಳನ್ನು ಗಡುವಿಗಿಂತ 18 ದಿನ ತಡವಾಗಿ ತಲುಪಿಸಿದರು. ತಲುಪಿದ ದಿನಾಂಕವನ್ನು ಉಗ್ರಾಣಪಾಲಕರು ದಾಸ್ತಾನು ವಹಿಯಲ್ಲಿ ದಾಖಲಿಸಿದ್ದಾರೆ. ತಡವಾದ ದಿನಗಳಿಗೆ ದಂಡ ಲೆಕ್ಕ ಹಾಕಿ ಬಿಲ್ಲಿನ ಮೇಲೆ ನಮೂದಿಸುವುದು, ಕೆಲಸ ಹಂಚಿಕೆಯ ಪ್ರಕಾರ, ಖರೀದಿ ಶಾಖೆಯ ಕೆಲಸ. ಆ ಶಾಖೆಯ ಸಹಾಯಕರು ಬಿಲ್ಲನ್ನು ಪರಿಶೀಲಿಸಿದರು, ಆದರೆ ದಂಡವನ್ನು ನಮೂದಿಸಲಿಲ್ಲ. ಸಹಾಯಕರು ಪರಿಶೀಲಿಸಿದ ಮೇಲೆ ಶಾಖೆಯ ಮುಖ್ಯಸ್ಥರು ಪೂರ್ಣ ಮೊತ್ತದ ಪಾವತಿಗೆ ಶಿಫಾರಸು ಮಾಡಿದರು. ಆ ಶಿಫಾರಸಿನಂತೆ ಲೆಕ್ಕಾಧಿಕಾರಿ ಪೂರ್ಣ ಮೊತ್ತವನ್ನು ಪಾವತಿಸಿದರು. ದಂಡ ಬಿಟ್ಟುಹೋಗಿರುವುದನ್ನು ಆಂತರಿಕ ಲೆಕ್ಕಪರಿಶೋಧಕರು ಪತ್ತೆ ಹಚ್ಚಿದರು. ಆಡಳಿತಾಧಿಕಾರಿಯು ಸಹಾಯಕರಿಂದಲೂ ಶಾಖೆಯ ಮುಖ್ಯಸ್ಥರಿಂದಲೂ ಲಿಖಿತ ವಿವರಣೆ ಕೇಳಿದ್ದಾರೆ.’

ಇದು ಹಳೆಯದಕ್ಕಿಂತ ಉದ್ದವಾಗಿದೆ. ಆಗಲಿ. ನೇರ ವಾಕ್ಯ ಚಿಕ್ಕದಾಗಿರುತ್ತದೆ ಎಂದು ಹೇಳುವವರು ಒಬ್ಬನೇ ಕರ್ತೃ ಇರುವ ಉದಾಹರಣೆಗಳನ್ನು ಮಾತ್ರ ತೋರಿಸುತ್ತಾರೆ. ಇಷ್ಟು ಜನ ಮಾಡಿದ್ದನ್ನು ಹೇಳಲು ಇಷ್ಟು ವಾಕ್ಯ ಬೇಕು. ಹಳೆಯ ವರದಿ ಚಿಕ್ಕದಾಗಿದ್ದದ್ದು ಹೇಳಬೇಕಾದದ್ದನ್ನು ಹೇಳದೆ ಇದ್ದುದರಿಂದ.

ನಡುವಿನ ಒಂದು ಜೋಡಣೆಯನ್ನು ಗಮನಿಸಿ. ‘ಸಹಾಯಕರು ಪರಿಶೀಲಿಸಿ, ಮುಖ್ಯಸ್ಥರು ಶಿಫಾರಸು ಮಾಡಿದರು’ ಎಂದು ನಾನು ಬರೆಯಲಿಲ್ಲ, ‘ಪರಿಶೀಲಿಸಿದ ಮೇಲೆ’ ಎಂದು ಬರೆದೆ. ‘ಮೇಲೆ’, ‘ನಂತರ’, ‘ಆಗ’ ಎಂಬ ಜೋಡಣೆಗಳಲ್ಲಿ ಎರಡು ಕ್ರಿಯೆಗಳಿಗೆ ಎರಡು ಕರ್ತೃಗಳು ತಮ್ಮ ತಮ್ಮ ಜಾಗದಲ್ಲಿ ನೆಮ್ಮದಿಯಾಗಿರುತ್ತಾರೆ. ಕರ್ತೃ ಬದಲಾದ ಕಡೆ ‘ಇ’ ಕೊಂಡಿಯನ್ನು ಬಿಟ್ಟು ಈ ಜೋಡಣೆಯನ್ನು ಬಳಸಿ, ಇಲ್ಲವೇ ಪೂರ್ಣವಿರಾಮ ಹಾಕಿ. ಕರ್ತೃ ಒಬ್ಬರೇ ಇರುವಷ್ಟು ದೂರ ‘ಲೆಕ್ಕ ಹಾಕಿ ನಮೂದಿಸುವುದು’ ಎಂದು ಕೊಂಡಿ ಹಾಕಿಕೊಂಡು ಹೋಗಲು ಅಡ್ಡಿಯಿಲ್ಲ. ಅದು ಕನ್ನಡದ ಸಹಜ ನಡೆ, ಅದನ್ನು ಕಳೆದುಕೊಳ್ಳಬೇಕಿಲ್ಲ.

ಇನ್ನು ಕೆಲವು ರೂಪಗಳು ನೇರವಾಗಿರುವಂತೆ ಕಾಣುತ್ತವೆ, ‘ಲಾಗಿದೆ’ಯ ಸುಳಿವೂ ಇರುವುದಿಲ್ಲ, ಆದರೂ ಹೊಣೆಯನ್ನು ಮಸುಕು ಮಾಡುತ್ತವೆ. ‘ಶಾಖೆಯವರು’ ಅಂತಹದ್ದು, ನಿಮ್ಮ ವಾಕ್ಯದಲ್ಲಿಯೇ ಇತ್ತು. ಶಾಖೆಗೆ ಕೈಯಿಲ್ಲ, ಸಹಿ ಹಾಕಿದವರು ಒಬ್ಬರು. ‘ನಾವು’ ಇನ್ನೂ ಜಾರುವ ಪದ. ‘ನಾವು ದಾಖಲೆಗಳನ್ನು ಸರಿಪಡಿಸಬೇಕಿದೆ’ ಎಂದು ಸುತ್ತೋಲೆಯಲ್ಲಿ ಬಂದರೆ, ಓದುವ ನಾನು ಅದರಲ್ಲಿ ಸೇರಿದ್ದೇನೆಯೋ ಇಲ್ಲವೋ? ಕಳುಹಿಸಿದವರು ಮಾಡುತ್ತಾರೆ ಎಂದು ಓದಿದವರು, ಓದಿದವರು ಮಾಡುತ್ತಾರೆ ಎಂದು ಕಳುಹಿಸಿದವರು ಸುಮ್ಮನಾಗುತ್ತಾರೆ. ‘ನಾವು’ ಬರೆದ ಕಡೆಯೆಲ್ಲ ‘ಆಡಳಿತ ಶಾಖೆಯಾದ ನಾವು’ ಎಂದೋ ‘ನೀವೂ ನಾವೂ ಸೇರಿ’ ಎಂದೋ ಒಮ್ಮೆಯಾದರೂ ಬಿಡಿಸಿ ಹೇಳಿ.

ಗೌರವದ ಬಹುವಚನದಲ್ಲಿ ಮತ್ತೊಂದು ಮಸುಕು ಇದೆ. ಕಚೇರಿಯ ಕನ್ನಡದಲ್ಲಿ ಒಬ್ಬರನ್ನೂ ‘ಅಧಿಕಾರಿಗಳು’ ಎನ್ನುತ್ತೇವೆ. ‘ಲೆಕ್ಕಾಧಿಕಾರಿಗಳು ಬಿಲ್ಲಿಗೆ ಸಹಿ ಹಾಕಿದ್ದಾರೆ’ ಎಂದರೆ ಸಹಿ ಒಂದೋ ಮೂರೋ ತಿಳಿಯದು. ‘ಹಾಕಿದ್ದಾರೆ’ ಎಂಬ ಕ್ರಿಯಾಪದವೂ ಗೌರವಕ್ಕೂ ಬಹುತ್ವಕ್ಕೂ ಒಂದೇ ಆಗಿರುವುದರಿಂದ ಅದೂ ನೆರವಿಗೆ ಬರುವುದಿಲ್ಲ. ಗೌರವವನ್ನು ಕ್ರಿಯಾಪದದಲ್ಲಿ ಉಳಿಸಿಕೊಂಡು ಪದನಾಮವನ್ನು ಏಕವಚನದಲ್ಲಿ ಬರೆಯಿರಿ: ‘ಲೆಕ್ಕಾಧಿಕಾರಿ ಸಹಿ ಹಾಕಿದ್ದಾರೆ.’ ಮರ್ಯಾದೆಗೂ ಕೊರತೆಯಿಲ್ಲ, ಒಬ್ಬರು ಎಂಬುದೂ ಖಚಿತ. ನಿಜವಾಗಿ ಹಲವರಿದ್ದರೆ ‘ಮೂವರು ಲೆಕ್ಕಾಧಿಕಾರಿಗಳು’ ಎಂದು ಸಂಖ್ಯೆ ಹೇಳಿ. ‘ಸಹಾಯಕರು’, ‘ಮುಖ್ಯಸ್ಥರು’ ಮುಂತಾದವು ಬಹುವಚನದಲ್ಲಿಯೇ ರೂಢಿಯಾಗಿವೆ. ಶಾಖೆಯಲ್ಲಿ ಸಹಾಯಕರು ಇಬ್ಬರಿದ್ದರೆ ನಾನು ಮೇಲೆ ಬರೆದ ವಾಕ್ಯವೂ ಸಾಲದು. ಹೆಸರನ್ನೋ ಹುದ್ದೆಯ ಕ್ರಮಸಂಖ್ಯೆಯನ್ನೋ ಸೇರಿಸಬೇಕಾಗುತ್ತದೆ.

‘ಲೋಪ ಕಂಡುಬಂದಿದೆ’, ‘ವಿಳಂಬ ಉಂಟಾಗಿದೆ’, ‘ಕಡತ ಕಾಣೆಯಾಗಿದೆ’ ಎಂಬವು ವ್ಯಾಕರಣದ ಲೆಕ್ಕದಲ್ಲಿ ಕರ್ಮಣಿಯಲ್ಲ, ಅಕರ್ಮಕ ಕ್ರಿಯೆಗಳ ಸಾದಾ ಕರ್ತರಿ ವಾಕ್ಯಗಳು. ‘ಲಾಗಿದೆ’ಯನ್ನು ಹುಡುಕಿ ಅಳಿಸುವ ಅಭಿಯಾನದಲ್ಲಿ ಇವು ಕೈಗೆ ಸಿಗುವುದೇ ಇಲ್ಲ. ‘ಲಾಗಿದೆ’ಯನ್ನು ನಿಷೇಧಿಸಿದ ಕಚೇರಿಗಳಲ್ಲಿ ಇವುಗಳ ಸಂಖ್ಯೆ ಏರುವುದನ್ನು ನಾನು ನೋಡಿದ್ದೇನೆ, ಜನ ‘ಸರಿಪಡಿಸಲಾಗಿದೆ’ ಬಿಟ್ಟು ‘ಸರಿಹೋಗಿದೆ’ ಎಂದು ಬರೆಯತೊಡಗುತ್ತಾರೆ. ಮೊದಲನೆಯದರಲ್ಲಿ ಯಾರೋ ಮಾಡಿದ್ದಾರೆ ಎಂಬಷ್ಟಾದರೂ ಇತ್ತು. ಎರಡನೆಯದರಲ್ಲಿ ಅದು ತಾನಾಗಿಯೇ ಆಯಿತು. ಇದು ಹಿಂದಿನದಕ್ಕಿಂತ ಕೆಟ್ಟದ್ದು. ಪರೀಕ್ಷೆ ಸುಲಭ: ಕ್ರಿಯಾಪದ ಯಾವುದೇ ಇರಲಿ, ‘ಯಾರು?’ ಎಂದು ಕೇಳಿ, ವಾಕ್ಯದೊಳಗಿನಿಂದಲೇ ಒಬ್ಬ ಮನುಷ್ಯನೋ ಹುದ್ದೆಯೋ ಉತ್ತರವಾಗಿ ಬರಬೇಕು.

ಇದಕ್ಕೆ ಎದುರಾಗಿ, ಹೊಣೆಯನ್ನು ನಿಖರವಾಗಿ ಹಂಚಲು ಕನ್ನಡ ಒಂದು ಒಳ್ಳೆಯ ಸಾಧನವನ್ನು ಕೊಟ್ಟಿದೆ. ಅದು ‘ಇಸು’ ಹಚ್ಚಿದ ಪ್ರೇರಣಾರ್ಥಕ ರೂಪ. ‘ಬರೆದರು’ ಬೇರೆ, ‘ಬರೆಯಿಸಿದರು’ ಬೇರೆ. ‘ತೆಗೆದರು’ ಬೇರೆ, ‘ತೆಗೆಸಿದರು’ ಬೇರೆ. ‘ಹಳೆಯ ದಾಖಲೆಗಳನ್ನು ಕೊಠಡಿಯಿಂದ ತೆಗೆಯಲಾಗಿದೆ’ ಎಂಬುದನ್ನು ‘ಸಿಬ್ಬಂದಿ ತೆಗೆದರು’ ಎಂದು ತಿದ್ದಿದರೆ ಹೇಳಿದಂತೆ ಮಾಡಿದವರ ಮೇಲೆ ಹೊಣೆ ಬೀಳುತ್ತದೆ. ‘ಉಗ್ರಾಣಪಾಲಕರು ಸಿಬ್ಬಂದಿಯಿಂದ ತೆಗೆಸಿದರು’ ಎಂದರೆ ನಿರ್ಧರಿಸಿದವರು, ಕೈಯಾಡಿಸಿದವರು ಇಬ್ಬರೂ ತಮ್ಮ ತಮ್ಮ ಅಳತೆಯಲ್ಲಿ ಕಾಣುತ್ತಾರೆ. ಕೆಳಗಿನ ನೌಕರರ ಮೇಲೆ ಬೀಳುವ ಎಷ್ಟೋ ದೂರುಗಳು ಈ ಒಂದು ಅಕ್ಷರದ ವ್ಯತ್ಯಾಸವನ್ನು ಬರೆಯುವವರು ಗಮನಿಸದೆ ಇರುವುದರಿಂದ ಬರುತ್ತವೆ. ಇದರ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ.

ನಿಮ್ಮ ಮೇಲಧಿಕಾರಿಯ ಹಿಂಜರಿಕೆಯಲ್ಲೂ ಒಂದು ತಿರುಳಿದೆ. ನೇರ ವಾಕ್ಯ ದೋಷಾರೋಪದಂತೆ ಕೇಳಿಸಬಹುದು ಎಂದು ಅವರು ಅಂಜುತ್ತಿದ್ದಾರೆ. ಆದರೆ ಆರೋಪ ಹುಟ್ಟುವುದು ಕರ್ತೃವನ್ನು ಹೆಸರಿಸುವುದರಿಂದಲ್ಲ, ಕ್ರಿಯಾಪದದ ಆಯ್ಕೆಯಿಂದ. ‘ಸಹಾಯಕರು ದಂಡವನ್ನು ನಮೂದಿಸಲಿಲ್ಲ’ ಎಂಬುದನ್ನು ಬಿಲ್ಲು ನೋಡಿ ಯಾರು ಬೇಕಾದರೂ ಸರಿ ಎನ್ನಬಹುದು. ‘ಮರೆತರು’ ಎಂದರೆ ಅವರ ಮನಸ್ಸಿನ ಒಳಗೆ ಹೋದಿರಿ, ‘ನಿರ್ಲಕ್ಷಿಸಿದರು’ ಎಂದರೆ ತೀರ್ಪು ಕೊಟ್ಟಿರಿ, ‘ಬಿಟ್ಟುಕೊಟ್ಟರು’ ಎಂದರೆ ಸರಬರಾಜುದಾರರ ಜೊತೆ ಏನೋ ಇದೆ ಎಂದಿರಿ. ವಿವರಣೆ ಇನ್ನೂ ಬಂದಿಲ್ಲ. ತಡವನ್ನು ಮನ್ನಿಸಿದ ಒಂದು ಪತ್ರ ಅವರ ಬಳಿ ಇದ್ದರೂ ಇರಬಹುದು. ಕಡತದಿಂದ ಕಾಣುವಷ್ಟನ್ನು ಮಾತ್ರ ಹೇಳುವ ಕ್ರಿಯಾಪದವನ್ನು ಆರಿಸಿ, ಅದರ ಪಕ್ಕದಲ್ಲಿ ಕರ್ತೃವನ್ನು ಧೈರ್ಯವಾಗಿ ಬರೆಯಿರಿ. ಹಾಗೆ ಬರೆದ ವಾಕ್ಯವನ್ನು ಆ ಸಹಾಯಕರೇ ಓದಿದರೂ ‘ಹೌದು, ಇದು ನಡೆದದ್ದು, ಏಕೆ ಎಂದು ನಾನು ಹೇಳುತ್ತೇನೆ’ ಎನ್ನಲು ಸಾಧ್ಯವಾಗಬೇಕು. ‘ಲಾಗಿರುತ್ತದೆ’ ವಾಕ್ಯ ಅವರಿಗೆ ಆ ಅವಕಾಶವನ್ನೂ ಕೊಡುವುದಿಲ್ಲ; ಹೆಸರಿಲ್ಲದ ಕಡೆ ಗುಮಾನಿ ಶಾಖೆಯಲ್ಲಿರುವ ಎಲ್ಲರ ಮೇಲೂ ಹರಡುತ್ತದೆ.

‘ಲಾಗಿದೆ’ಯನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ದೂರು ಕೊಟ್ಟವರ ಗುರುತನ್ನು ಕಾಪಾಡಬೇಕಾದಾಗ ‘ದೂರು ಸಲ್ಲಿಸಲಾಗಿದೆ’ ಎಂಬುದೇ ಸರಿ. ಬಾಗಿಲಿನ ಮೇಲೆ ‘ಸಂಜೆ 5 ಗಂಟೆಗೆ ಮುಚ್ಚಲಾಗುವುದು’ ಎಂದಿದ್ದರೆ ಮುಚ್ಚುವವರ ಹೆಸರು ಯಾರಿಗೂ ಬೇಡ. ಸಭೆಯ ನಡಾವಳಿಯಲ್ಲಿ ‘ನಿರ್ಧರಿಸಲಾಯಿತು’ ಎಂಬುದನ್ನು ‘ಸಭೆ ನಿರ್ಧರಿಸಿತು’ ಎಂದು ಸುಲಭವಾಗಿ ತಿದ್ದಬಹುದು, ಏಕೆಂದರೆ ಅಲ್ಲಿ ನಿಜವಾಗಿಯೂ ಸಭೆಯೇ ಕರ್ತೃ. ಆದರೆ ನಿರ್ಧಾರವನ್ನು ಜಾರಿಗೆ ತರುವವರು ಸಭೆಯಲ್ಲ, ಅದಕ್ಕೆ ಇನ್ನೊಂದು ವಾಕ್ಯ, ಇನ್ನೊಬ್ಬ ಕರ್ತೃ ಬೇಕು. ಕರ್ತೃ ಯಾರೆಂದು ಹುಡುಕಿಯೂ ಸಿಗದಿದ್ದರೆ ‘ಲಾಗಿದೆ’ಯ ಹಿಂದೆ ಅಡಗಿಸುವುದಕ್ಕಿಂತ ‘ಈ ನಮೂದನ್ನು ಯಾರು ಅಳಿಸಿದರು ಎಂಬುದು ಕಡತದಿಂದ ತಿಳಿಯುವುದಿಲ್ಲ’ ಎಂದು ಬಿಚ್ಚಿ ಬರೆಯಿರಿ. ಗೊತ್ತಿಲ್ಲದಿರುವುದೂ ಒಂದು ಸಂಗತಿ, ವರದಿಯಲ್ಲಿ ಅದಕ್ಕೂ ಜಾಗವಿದೆ.

ನಿಮ್ಮ ಹಳೆಯ ವರದಿಯ ಕೊನೆಯ ತುಣುಕು ಬಾಕಿ ಇದೆ: ‘ಮುಂದಿನ ಕ್ರಮ ಕೈಗೊಳ್ಳಲಾಗುವುದು.’ ನನ್ನ ತಿದ್ದುಪಡಿಯಲ್ಲಿ ಅದನ್ನು ಸೇರಿಸಲಿಲ್ಲ, ಏಕೆಂದರೆ ನೀವು ಕಳುಹಿಸಿದ ಟಿಪ್ಪಣಿಗಳಲ್ಲಿ ಅದಕ್ಕೆ ಕರ್ತೃವೇ ಇಲ್ಲ. ಈಗಾಗಲೇ ನಡೆದದ್ದಕ್ಕಾದರೆ ಕರ್ತೃವನ್ನು ಕಡತದಲ್ಲಿ ಹುಡುಕಬಹುದು. ಮುಂದೆ ನಡೆಯಬೇಕಾದದ್ದಕ್ಕೆ ಯಾರಾದರೂ ಒಪ್ಪಿಕೊಂಡ ಹೊರತು ಕರ್ತೃ ಹುಟ್ಟುವುದಿಲ್ಲ. ‘ಆಡಳಿತಾಧಿಕಾರಿ ಕ್ರಮ ಕೈಗೊಳ್ಳುತ್ತಾರೆ’ ಎಂದು ನೀವಾಗಿಯೇ ಬರೆದರೆ ಅವರು ಕೊಡದ ಮಾತನ್ನು ಅವರ ಬಾಯಿಗೆ ಹಾಕಿದಂತೆ. ಕರಡನ್ನು ತೆಗೆದುಕೊಂಡು ಅವರ ಬಳಿಗೇ ಹೋಗಿ, ಮೂರು ಮಾತು ಕೇಳಿ: ವಿವರಣೆ ಯಾವ ದಿನಾಂಕದೊಳಗೆ ಬರಬೇಕು, ಬಂದ ಮೇಲೆ ನೋಡಿ ತೀರ್ಮಾನಿಸುವವರು ಯಾರು, ಬಿಟ್ಟುಹೋದ ದಂಡವನ್ನು ಸರಬರಾಜುದಾರರ ಮುಂದಿನ ಬಿಲ್ಲಿನಿಂದ ಹಿಡಿಯುವವರು ಯಾರು. ಉತ್ತರ ಸಿಕ್ಕಿದರೆ ಅದನ್ನೇ ಮೂರು ವಾಕ್ಯಗಳಲ್ಲಿ ಬರೆಯಿರಿ. ಅವರು ಇನ್ನೂ ತೀರ್ಮಾನಿಸಿಲ್ಲ ಎಂದರೆ ‘ಮುಂದಿನ ಕ್ರಮವನ್ನು ಯಾರು ಕೈಗೊಳ್ಳಬೇಕೆಂದು ಆಡಳಿತಾಧಿಕಾರಿ ಇನ್ನೂ ತೀರ್ಮಾನಿಸಿಲ್ಲ’ ಎಂದು ಬರೆದು ಅವರ ಸಹಿಗೆ ಇಡಿ. ಆ ವಾಕ್ಯದ ಕೆಳಗೆ ಸಹಿ ಹಾಕುವ ಮುಂಚೆ ಅವರು ತೀರ್ಮಾನಿಸಿಬಿಡುವ ಸಾಧ್ಯತೆಯೇ ಹೆಚ್ಚು.